ಮರಿಯಾಳನ್ನು ನೋಡಿದೆ, ಮನೆ ನೋಡಿದೆ: ಸ್ಪ್ಯಾನಿಷ್‌ನ ‘ಆ’ ಎಲ್ಲಿ ಬೇಕು, ಎಲ್ಲಿ ಬೇಡ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿ ಎರಡು ಮೂರು ತಿಂಗಳಾದವರು ತಪ್ಪದೆ ಕೇಳುವ ಪ್ರಶ್ನೆ ಇದು: “‘ಮನೆಯನ್ನು ನೋಡುತ್ತೇನೆ’ ಅನ್ನಲು ‘ಬೆಯೊ ಲಾ ಕಾಸಾ’ ಸಾಕು. ‘ಮರಿಯಾಳನ್ನು ನೋಡುತ್ತೇನೆ’ ಅನ್ನಲು ಮಾತ್ರ ‘ಬೆಯೊ ಆ ಮರಿಯಾ’ ಅನ್ನಬೇಕು. ನಡುವಿನ ಈ ‘ಆ’ ಎಲ್ಲಿಂದ ಬಂತು?” ಅದಕ್ಕೆ ಉತ್ತರ ಕೊಟ್ಟು ಮುಗಿಸುವಷ್ಟರಲ್ಲಿ ಎರಡನೆಯ ಪ್ರಶ್ನೆ ಬರುತ್ತದೆ: “ಹಾಗಿದ್ದರೆ ‘ನನಗೆ ಇಬ್ಬರು ಅಣ್ಣಂದಿರಿದ್ದಾರೆ’ ಅನ್ನುವಾಗ ಆ ‘ಆ’ ಎಲ್ಲಿ ಹೋಯಿತು? ಅಣ್ಣಂದಿರು ಮನುಷ್ಯರಲ್ಲವೇ?”

ಇಂಗ್ಲಿಷ್ ಮೂಲಕ ಸ್ಪ್ಯಾನಿಷ್ ಕಲಿಸುವ ಪುಸ್ತಕಗಳಲ್ಲಿ ಇದು ವಿಚಿತ್ರ ನಿಯಮದಂತೆ ಕಾಣುತ್ತದೆ, ಏಕೆಂದರೆ ಇಂಗ್ಲಿಷ್‌ನಲ್ಲಿ ಇದಕ್ಕೆ ಸಾಟಿಯಾದದ್ದು ಇಲ್ಲ. ಕನ್ನಡದಲ್ಲಿ ಇದೆ. ‘ಪುಸ್ತಕ ಓದಿದೆ’ ಎಂದು ಅನ್ನು ಪ್ರತ್ಯಯವಿಲ್ಲದೆ ಹೇಳುತ್ತೇವೆ, ಆದರೆ ‘ರಾಧಾ ನೋಡಿದೆ’ ಎಂದು ಹೇಳುವುದಿಲ್ಲ. ‘ರಾಧಾಳನ್ನು ನೋಡಿದೆ’ ಎನ್ನಲೇಬೇಕು. ಸ್ಪ್ಯಾನಿಷ್‌ನ ‘ಆ’ ಮಾಡುವ ಕೆಲಸ ಹೆಚ್ಚುಕಡಿಮೆ ಇದೇ. ಆದ್ದರಿಂದ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಕನ್ನಡದ ಕಿವಿಯಿಂದಲೇ ಇದನ್ನು ಕಲಿಯುವುದು ಸುಲಭ. ಆದರೆ ಕನ್ನಡದ ಕಿವಿ ಕೈಕೊಡುವ ಜಾಗಗಳೂ ಇವೆ. ಅವನ್ನು ಅಲ್ಲಲ್ಲೇ ತೋರಿಸುತ್ತೇನೆ.

ಮೊದಲು ನಿಮಗೆ ಗೊತ್ತಿರಬೇಕಾದದ್ದು

ವರ್ತಮಾನ ಕಾಲದ ಸಾಮಾನ್ಯ ಕ್ರಿಯಾಪದಗಳು, ನಾಮಪದದ ಮುಂದೆ ಬರುವ ಎಲ್, ಲಾ, ಉನ್, ಉನಾ ಇಷ್ಟು ಗೊತ್ತಿದ್ದರೆ ಸಾಕು. ಶಾಲೆಯಲ್ಲಿ ಓದಿದ ಎರಡು ವಿಭಕ್ತಿಗಳನ್ನೂ ನೆನಪಿಸಿಕೊಳ್ಳಿ. ದ್ವಿತೀಯಾ ಅಂದರೆ ‘ಅನ್ನು’, ಚತುರ್ಥಿ ಅಂದರೆ ‘ಗೆ, ಇಗೆ, ಕ್ಕೆ’. ಕರ್ಮಪದ ಎಂದರೆ ಕ್ರಿಯೆಯ ಫಲ ಯಾರ ಮೇಲೆ ಅಥವಾ ಯಾವುದರ ಮೇಲೆ ಬೀಳುತ್ತದೋ ಆ ಪದ.

ಸ್ಪ್ಯಾನಿಷ್ ವಾಕ್ಯಗಳನ್ನು ಇಲ್ಲಿ ಕಿವಿಗೆ ಕೇಳಿಸುವಂತೆ, ಲ್ಯಾಟಿನ್ ಅಮೆರಿಕದ ಉಚ್ಚಾರಣೆಯಲ್ಲಿ, ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ನಮ್ಮ ‘ಆ’ ಬರವಣಿಗೆಯಲ್ಲಿ ರೋಮನ್ ಅಕ್ಷರಮಾಲೆಯ ಮೊದಲ ಅಕ್ಷರವಷ್ಟೇ, ಒಂಟಿಯಾಗಿ ನಿಲ್ಲುತ್ತದೆ. ಸ್ಪ್ಯಾನಿಷ್ ವ್ಯಾಕರಣದಲ್ಲಿ ಇದನ್ನು ‘ಆ ಪೆರ್ಸೊನಾಲ್’ ಅನ್ನುತ್ತಾರೆ, ಅಂದರೆ ವ್ಯಕ್ತಿಗೆ ಸೇರಿದ ‘ಆ’.

ಹಂತ 1: ವಾಕ್ಯದಲ್ಲಿ ಕರ್ಮಪದ ಇದೆಯೇ ಎಂದು ಮೊದಲು ನೋಡಿ

ಇದನ್ನು ಹಾರಿಸಿ ನೇರವಾಗಿ ‘ಮನುಷ್ಯ ಬಂದ, ಆ ಹಾಕು’ ಎಂದು ಹೊರಟವರೇ ಹೆಚ್ಚು ತಪ್ಪು ಮಾಡುವುದು. ‘ಮಿ ಎರ್ಮಾನೊ ತ್ರಬಾಹ’ (ನನ್ನ ಅಣ್ಣ ಕೆಲಸ ಮಾಡುತ್ತಾನೆ) ಎಂಬಲ್ಲಿ ಅಣ್ಣ ಕರ್ತೃ. ಅಲ್ಲಿ ‘ಆ’ ಬರುವ ಪ್ರಶ್ನೆಯೇ ಇಲ್ಲ.

‘ಇದೆ, ಇದ್ದಾರೆ’ ಎಂಬ ಅರ್ಥದ ‘ಐ’ ಕ್ರಿಯಾಪದದ ಜೊತೆಗೂ ‘ಆ’ ಯಾವತ್ತೂ ಬರುವುದಿಲ್ಲ. ‘ಐ ಮೂಚಾ ಹೆಂತೆ’ ಎಂದರೆ ‘ತುಂಬಾ ಜನ ಇದ್ದಾರೆ’. ಕನ್ನಡದಲ್ಲೂ ಇಲ್ಲಿ ‘ಜನರನ್ನು’ ಅನ್ನುವುದಿಲ್ಲ, ಹಾಗಾಗಿ ಎಡವುವ ಭಯ ಕಡಿಮೆ.

ಎಡವುವುದು ‘ಇಷ್ಟ’ದ ವಿಷಯದಲ್ಲಿ. ‘ನನಗೆ ಮರಿಯಾ ಇಷ್ಟ’ ಅನ್ನಲು ಸ್ಪ್ಯಾನಿಷ್‌ನಲ್ಲಿ ‘ಮೆ ಗುಸ್ತಾ ಮರಿಯಾ’. ಅಲ್ಲಿ ಮರಿಯಾ ಕರ್ಮಪದವಲ್ಲ, ಕರ್ತೃಪದ. ಕನ್ನಡದಲ್ಲೂ ‘ಮರಿಯಾಳನ್ನು ಇಷ್ಟ’ ಅನ್ನುವುದಿಲ್ಲವಲ್ಲ, ಹಾಗೆಯೇ. ‘ಮೆ ಗುಸ್ತಾ ಆ ಮರಿಯಾ’ ತಪ್ಪು. ಇನ್ನು ‘ಆ ಮರಿಯಾ ಲೆ ಗುಸ್ತಾ ಎಲ್ ಕಾಫೆ’ (ಮರಿಯಾಳಿಗೆ ಕಾಫಿ ಇಷ್ಟ) ಎಂಬಲ್ಲಿ ಕಾಣುವ ‘ಆ’ ಬೇರೆಯದು. ಅದು ನಮ್ಮ ‘ಇಗೆ’. ಒಂದೇ ಅಕ್ಷರ ಎರಡು ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲೇ ಗುರುತು ಮಾಡಿಕೊಳ್ಳಿ.

ಹಂತ 2: ‘ಯಾರನ್ನು?’ ಎಂದು ಕೇಳಿ, ‘ಏನನ್ನು?’ ಎಂದಲ್ಲ

ಕರ್ಮಪದ ಸಿಕ್ಕಿತು ಅಂದುಕೊಳ್ಳಿ. ಈಗ ಕ್ರಿಯಾಪದಕ್ಕೆ ಪ್ರಶ್ನೆ ಹಾಕಿ. ಉತ್ತರ ‘ಯಾರನ್ನು’ ಎಂಬುದಕ್ಕೆ ಬಂದರೆ ಮುಂದಿನ ಹಂತಕ್ಕೆ ಹೋಗಿ. ‘ಏನನ್ನು’ ಎಂಬುದಕ್ಕೆ ಬಂದರೆ ‘ಆ’ ಬೇಡ, ಕೆಲಸ ಮುಗಿಯಿತು.

ಕನ್ನಡದ ಕಿವಿ ಮೋಸ ಮಾಡುವ ಮೊದಲ ಜಾಗ ಇದೇ. ಕನ್ನಡದಲ್ಲಿ ವಸ್ತುವಿಗೂ ‘ಅನ್ನು’ ಹಚ್ಚಬಹುದು. ‘ನೀನು ಕೊಟ್ಟ ಪುಸ್ತಕವನ್ನು ಓದಿದೆ’ ಅನ್ನುತ್ತೇವೆ. ಇದನ್ನೇ ಹಿಡಿದು, ‘ಆ’ ಮತ್ತು ‘ಎಲ್’ ಕೂಡಿದ ‘ಆಲ್’ ಹಾಕಿ ‘ಲೆಯಿ ಆಲ್ ಲಿಬ್ರೊ’ ಎಂದರೆ ಕೇಳುವವರ ಹುಬ್ಬು ಮೇಲೇರುತ್ತದೆ. ಸರಿಯಾದದ್ದು ‘ಲೆಯಿ ಎಲ್ ಲಿಬ್ರೊ’. ಪುಸ್ತಕ ಎಷ್ಟೇ ನಿರ್ದಿಷ್ಟವಾಗಿರಲಿ, ಎಷ್ಟೇ ಪ್ರೀತಿಯದ್ದಾಗಿರಲಿ, ಅದಕ್ಕೆ ‘ಆ’ ಇಲ್ಲ. ಊರಿಗೂ ಅಷ್ಟೇ. ‘ಬಿಸಿತೆ ಮದ್ರಿದ್’ ಅಂದರೆ ‘ಮ್ಯಾಡ್ರಿಡ್ ನೋಡಿದೆ’. ಊರಿನ ಹೆಸರಿನ ಮುಂದೆಯೂ ‘ಆ’ ಹಾಕಬೇಕೆಂದು ಹಳೆಯ ವ್ಯಾಕರಣಗಳು ಹೇಳುತ್ತಿದ್ದವು. ಹಳೆಯ ಪುಸ್ತಕದಿಂದ ಕಲಿಯುತ್ತಿದ್ದರೆ ಆ ಸಲಹೆಯನ್ನು ಬಿಟ್ಟುಬಿಡಿ, ಇಂದಿನ ರೂಢಿ ‘ಆ’ ಇಲ್ಲದೆಯೇ. ‘ಫುಯಿ ಆ ಮದ್ರಿದ್’ (ಮ್ಯಾಡ್ರಿಡ್‌ಗೆ ಹೋದೆ) ಎಂಬಲ್ಲಿ ಬರುವ ‘ಆ’ ದಿಕ್ಕು ತೋರಿಸುವಂಥದ್ದು, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪ್ರಾಣಿಗಳು ಯಾವ ಕಡೆ? ಮನೆಯವರಂತೆ ಸಾಕಿದ ನಾಯಿ ‘ಯಾರು’ ಆಗಿಬಿಡುತ್ತದೆ: ‘ಸಾಕೊ ಆಲ್ ಪೆರ್ರೊ’ (ನಾಯಿಯನ್ನು ಹೊರಗೆ ಕರೆದುಕೊಂಡು ಹೋಗುತ್ತೇನೆ). ಬೀದಿಯಲ್ಲಿ ಯಾವುದೋ ಒಂದು ನಾಯಿ ಕಂಡರೆ ‘ಬಿ ಉನ್ ಪೆರ್ರೊ’. ನೊಣ ಹೊಡೆದರೆ ‘ಆ’ ಕೇಳುವವರೇ ಇಲ್ಲ. ಹಸುವಿನ ವಿಷಯದಲ್ಲಿ ಅದು ಮಾತಾಡುವವರ ಮನಸ್ಸಿಗೆ ಬಿಟ್ಟದ್ದು.

ಹಂತ 3: ‘ಹುಡುಗಿ ನೋಡಿದ್ರಾ?’ ಪರೀಕ್ಷೆ

ಕರ್ಮಪದ ಮನುಷ್ಯನೇ, ಸರಿ. ಆದರೂ ‘ಆ’ ಬಿಟ್ಟುಹೋಗುವ ಸಂದರ್ಭಗಳಿವೆ. ಇಂಗ್ಲಿಷ್ ಪುಸ್ತಕಗಳು ಇಲ್ಲಿ ‘ನಿರ್ದಿಷ್ಟ, ಅನಿರ್ದಿಷ್ಟ’ ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತವೆ. ನಮಗೆ ಅದಕ್ಕಿಂತ ಒಳ್ಳೆಯ ದಾರಿ ಮನೆಯಲ್ಲೇ ಇದೆ.

‘ಮಗನಿಗೆ ಹುಡುಗಿ ನೋಡ್ತಾ ಇದ್ದೀವಿ’ ಎಂಬ ಮಾತನ್ನು ಕೇಳಿಸಿಕೊಳ್ಳಿ. ಹುಡುಗಿ ಮನುಷ್ಯಳೇ, ಕರ್ಮಪದವೇ. ಆದರೂ ‘ಹುಡುಗಿಯನ್ನು’ ಅನ್ನಲಿಲ್ಲ. ಏಕೆಂದರೆ ಇಂಥವಳೇ ಎಂಬ ಒಬ್ಬಳು ಇನ್ನೂ ಕಣ್ಣ ಮುಂದೆ ಇಲ್ಲ. ಸೊಸೆಯ ಜಾಗ ಖಾಲಿ ಇದೆ, ಅದನ್ನು ತುಂಬುವವಳು ಬೇಕು, ಅಷ್ಟೇ. ಅದೇ ಮುಂದಿನ ವಾರ ‘ಶಿವಮೊಗ್ಗದಲ್ಲಿ ಆ ಹುಡುಗಿಯನ್ನು ನೋಡಿದ್ವಿ’ ಎಂದಾಗ ‘ಅನ್ನು’ ತಾನಾಗಿ ಬಂದು ಕೂರುತ್ತದೆ. ಈಗ ಅವಳಿಗೊಂದು ಮುಖವಿದೆ. ‘ಕೆಲಸಕ್ಕೆ ಆಳು ಹುಡುಕ್ತಿದ್ದೀನಿ’, ‘ಗಂಡು ಹುಡುಕ್ತಿದ್ದಾರೆ’ ಎಲ್ಲವೂ ಇದೇ ಬಗೆ.

ಸ್ಪ್ಯಾನಿಷ್ ಇದೇ ಲೆಕ್ಕದಲ್ಲಿ ನಡೆಯುತ್ತದೆ.

ಬುಸ್ಕೊ ಉನಾ ಎನ್‌ಫೆರ್ಮೆರಾ. (ಒಬ್ಬ ನರ್ಸ್ ಹುಡುಕುತ್ತಿದ್ದೇನೆ, ಯಾರಾದರೂ ಆದೀತು.)
ಬುಸ್ಕೊ ಆ ಉನಾ ಎನ್‌ಫೆರ್ಮೆರಾ. (ಒಬ್ಬ ನರ್ಸನ್ನು ಹುಡುಕುತ್ತಿದ್ದೇನೆ, ಬೆಳಿಗ್ಗೆ ಇಲ್ಲೇ ಇದ್ದರಲ್ಲ, ಅವರನ್ನು.)

ಮೊದಲನೆಯದು ನೌಕರಿಯ ಜಾಹೀರಾತು, ಎರಡನೆಯದು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಕೇಳುವ ಮಾತು. ನಿಮ್ಮನ್ನು ನೀವೇ ಹೀಗೆ ಕೇಳಿಕೊಳ್ಳಿ: ಈ ವ್ಯಕ್ತಿಗೆ ಮುಖವಿದೆಯೇ, ಇಲ್ಲ ಜಾಗ ಮಾತ್ರ ಇದೆಯೇ? ಮುಖವಿದ್ದರೆ ‘ಆ’.

ಇದರ ಬೆನ್ನಿಗೇ ಇನ್ನೊಂದು ಬದಲಾವಣೆ ಬರುತ್ತದೆ. ‘ಇಂಗ್ಲಿಷ್ ಬಲ್ಲ ನರ್ಸ್’ ಎಂದು ವಿಶೇಷಣ ಸೇರಿಸಿದರೆ, ಮುಖವಿಲ್ಲದವಳಿಗೆ ‘ಬುಸ್ಕೊ ಉನಾ ಎನ್‌ಫೆರ್ಮೆರಾ ಕೆ ಆಬ್ಲೆ ಇಂಗ್ಲೆಸ್’, ಮುಖವಿದ್ದವಳಿಗೆ ‘ಬುಸ್ಕೊ ಆ ಉನಾ ಎನ್‌ಫೆರ್ಮೆರಾ ಕೆ ಆಬ್ಲಾ ಇಂಗ್ಲೆಸ್’. ಆಬ್ಲೆ ಎಂಬುದು ಸಬ್‌ಜಂಕ್ಟಿವ್, ಅಂದರೆ ಇನ್ನೂ ನಿಜವೆಂದು ಖಾತ್ರಿಯಾಗದ ಸಂಗತಿಗೆ ಬಳಸುವ ಕ್ರಿಯಾರೂಪ. ಆಬ್ಲಾ ಸಾಮಾನ್ಯ ವರ್ತಮಾನ. ‘ಆ’ ಬಿಟ್ಟ ಕಡೆ ಆಬ್ಲೆ, ‘ಆ’ ಹಾಕಿದ ಕಡೆ ಆಬ್ಲಾ ಎಂದು ಜೋಡಿಯಾಗಿ ನೆನಪಿಟ್ಟರೆ ಒಂದು ಮತ್ತೊಂದನ್ನು ಕಾಯುತ್ತದೆ. ಪರೀಕ್ಷೆಗಳಲ್ಲಿ ಈ ಎರಡನ್ನೂ ಒಟ್ಟಿಗೇ ಕೇಳುವುದು ಸಾಮಾನ್ಯ.

ಉನ್, ಉನಾ ಕೂಡ ಇಲ್ಲದ ಬರಿಯ ಬಹುವಚನಕ್ಕೆ ಸಾಮಾನ್ಯವಾಗಿ ‘ಆ’ ಬೇಡ. ಹೋಟೆಲಿನ ಬಾಗಿಲಲ್ಲಿ ‘ನೆಸೆಸಿತಾಮೋಸ್ ಕಾಮಾರೆರೋಸ್’ (ಸಪ್ಲಾಯರ್‌ಗಳು ಬೇಕಾಗಿದ್ದಾರೆ) ಎಂದು ಬರೆದಿರುತ್ತದೆ.

ಇಲ್ಲೊಂದು ಎಚ್ಚರಿಕೆ. ‘ಉನ್, ಉನಾ ಬಂದರೆ ಆ ಬೇಡ’ ಎಂದು ನಿಯಮ ಮಾಡಿಕೊಳ್ಳಬೇಡಿ. ಕೆಲವು ಕ್ರಿಯೆಗಳು ಎದುರಿಗೆ ಒಬ್ಬ ವ್ಯಕ್ತಿ ಇಲ್ಲದೆ ನಡೆಯುವುದೇ ಇಲ್ಲ. ನಮಸ್ಕಾರ ಹೇಳುವುದು (ಸಲುದಾರ್), ಬೈಯುವುದು (ಇನ್ಸುಲ್ತಾರ್) ಇಂಥವು. ಖಾಲಿ ಜಾಗಕ್ಕೆ ಯಾರೂ ಬೈಯುವುದಿಲ್ಲ. ಆದ್ದರಿಂದ ಅಪರಿಚಿತನಾದರೂ ‘ಇನ್ಸುಲ್ತೊ ಆ ಉನ್ ಮಾಎಸ್ತ್ರೊ’ (ಒಬ್ಬ ಮೇಷ್ಟರನ್ನು ಬೈದ) ಎಂದೇ ಬರಬೇಕು.

ಇನ್ನು ಮೂರು ಪದಗಳು ಈ ಪರೀಕ್ಷೆಗೆ ಬಗ್ಗುವುದಿಲ್ಲ: ಆಲ್ಗಿಯೆನ್ (ಯಾರೋ), ನಾದಿಯೆ (ಯಾರೂ), ಕಿಯೆನ್ (ಯಾರು). ಮುಖವಿರಲಿ ಬಿಡಲಿ, ಕರ್ಮಪದವಾದಾಗ ಇವಕ್ಕೆ ‘ಆ’ ಬೇಕು. ‘ನೊ ಕೊನೊಸ್ಕೊ ಆ ನಾದಿಯೆ’ (ನನಗೆ ಯಾರೂ ಗೊತ್ತಿಲ್ಲ). ‘ಆ ಕಿಯೆನ್ ಬುಸ್ಕಾಸ್?’ (ಯಾರನ್ನು ಹುಡುಕುತ್ತಿದ್ದೀಯ?) ಕೊನೆಯದರಲ್ಲಿ ‘ಆ’ ಬಿಟ್ಟರೆ ಎಷ್ಟು ಕೆಡುತ್ತದೆ ಎಂದು ತಿಳಿಯಲು ಈ ಎರಡನ್ನು ಪಕ್ಕಪಕ್ಕ ಇಡಿ.

ಆ ಕಿಯೆನ್ ಬಿಯೊ ಹುವಾನ್? (ಹುವಾನ್ ಯಾರನ್ನು ನೋಡಿದ?)
ಕಿಯೆನ್ ಬಿಯೊ ಆ ಹುವಾನ್? (ಹುವಾನನನ್ನು ಯಾರು ನೋಡಿದರು?)

ಪದಗಳು ಅವೇ. ನೋಡಿದವರು ಯಾರು, ನೋಡಿಸಿಕೊಂಡವರು ಯಾರು ಎಂಬುದನ್ನು ಹೇಳುವುದು ‘ಆ’ ಮಾತ್ರ. ಕನ್ನಡದಂತೆ ಸ್ಪ್ಯಾನಿಷ್‌ನಲ್ಲೂ ಪದಗಳನ್ನು ಅತ್ತಿತ್ತ ಸರಿಸಬಹುದು. ‘ಬಿಯೊ ಆ ಮರಿಯಾ ಹುವಾನ್’ ಎಂದು ಕರ್ತೃವನ್ನು ಕೊನೆಗೆ ತಳ್ಳಿದರೂ ನೋಡಿದವನು ಹುವಾನನೇ.

ಹಂತ 4: ನಾಲ್ಕು ಕ್ರಿಯಾಪದಗಳನ್ನು ಪ್ರತ್ಯೇಕವಾಗಿ ಪರಿಶೀಲಿಸಿ

ಮೊದಲನೆಯದು ತೆನೆರ್, ಅಂದರೆ ಹೊಂದಿರು. ನೆಂಟಸ್ತಿಕೆ ಹೇಳುವಾಗ ಇದಕ್ಕೆ ‘ಆ’ ಬೇಡ: ‘ತೆಂಗೊ ದೋಸ್ ಎರ್ಮಾನೋಸ್’. ಕನ್ನಡದಲ್ಲೂ ‘ನನಗೆ ಇಬ್ಬರು ಅಣ್ಣಂದಿರು’ ಎಂದಾಗ ‘ಅನ್ನು’ ಇಲ್ಲ. ಆದರೆ ಗೊತ್ತಿರುವ ವ್ಯಕ್ತಿ ಯಾವ ಸ್ಥಿತಿಯಲ್ಲಿ, ಎಲ್ಲಿ ಇದ್ದಾರೆಂದು ಹೇಳುವಾಗ ‘ಆ’ ಮರಳಿ ಬರುತ್ತದೆ: ‘ತೆಂಗೊ ಆ ಮಿ ಮಾದ್ರೆ ಎನ್ ಎಲ್ ಒಸ್ಪಿತಾಲ್’. ‘ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ’ ಎನ್ನುವಾಗ ನಮ್ಮಲ್ಲೂ ‘ಅನ್ನು’ ಬರುತ್ತದಲ್ಲ, ಅದನ್ನು ನೆನೆಸಿಕೊಂಡರೆ ಸಾಕು. ‘ನನಗೆ ಯಾರೂ ಇಲ್ಲ’ ಅನ್ನಲು ‘ನೊ ತೆಂಗೊ ಆ ನಾದಿಯೆ’. ಇಲ್ಲಿ ನಾದಿಯೆ ತನ್ನ ಹಠ ಬಿಡಲಿಲ್ಲ.

ಎರಡನೆಯದು ಕೆರೆರ್. ‘ಆ’ ಇದ್ದರೆ ಅರ್ಥ ಒಂದು, ಇಲ್ಲದಿದ್ದರೆ ಇನ್ನೊಂದು. ‘ಕಿಯೆರೊ ಉನ್ ಇಹೊ’ ಅಂದರೆ ‘ನನಗೊಂದು ಮಗು ಬೇಕು’. ‘ಕಿಯೆರೊ ಆ ಮಿ ಇಹೊ’ ಅಂದರೆ ‘ಮಗನನ್ನು ಪ್ರೀತಿಸುತ್ತೇನೆ’. ಕನ್ನಡದಲ್ಲಿ ಎರಡು ಬೇರೆ ಕ್ರಿಯಾಪದಗಳು ಮಾಡುವ ಕೆಲಸವನ್ನು ಅಲ್ಲಿ ಒಂದು ಅಕ್ಷರ ಮಾಡುತ್ತದೆ.

ಉಳಿದೆರಡು ಕನ್ನಡಿಗರಿಗೆಂದೇ ಕಾದು ಕುಳಿತ ಹೊಂಡಗಳು. ನೆಸೆಸಿತಾರ್ ಅಂದರೆ ‘ಬೇಕು’, ಕೊನೊಸೆರ್ ಅಂದರೆ ‘ಪರಿಚಯವಿರು’. ಕನ್ನಡದಲ್ಲಿ ‘ನನಗೆ ಅಮ್ಮ ಬೇಕು’, ‘ನಿಮ್ಮ ಅಣ್ಣ ನನಗೆ ಗೊತ್ತು’ ಅನ್ನುತ್ತೇವೆ. ಎರಡರಲ್ಲೂ ‘ಅನ್ನು’ ಇಲ್ಲ, ಏಕೆಂದರೆ ಕನ್ನಡದಲ್ಲಿ ಅಮ್ಮನೂ ಅಣ್ಣನೂ ಇಲ್ಲಿ ಕರ್ಮಪದವೇ ಅಲ್ಲ. ಸ್ಪ್ಯಾನಿಷ್‌ನಲ್ಲಿ ಅವರು ಕರ್ಮಪದ. ಆದ್ದರಿಂದ ‘ನೆಸೆಸಿತೊ ಆ ಮಿ ಮಾದ್ರೆ’, ‘ಕೊನೊಸ್ಕೊ ಆ ತು ಎರ್ಮಾನೊ’. ಕನ್ನಡದಲ್ಲಿ ಯೋಚಿಸಿ ಅನುವಾದಿಸುವವರು ಈ ‘ಆ’ವನ್ನು ನುಂಗಿಬಿಡುತ್ತಾರೆ. ನನ್ನ ಹಳೆಯ ನೋಟುಬುಕ್ಕಿನಲ್ಲಿ ಕೆಂಪು ಗೆರೆ ಹೆಚ್ಚು ಬಿದ್ದಿರುವುದೂ ಕೊನೊಸೆರ್ ಪಕ್ಕದಲ್ಲೇ. ‘ಡಾಕ್ಟರ್ ಬೇಕು’ ಎಂಬ ಮಾತಿಗೆ ಮಾತ್ರ ‘ನೆಸೆಸಿತೊ ಉನ್ ಮೆದಿಕೊ’ ಸಾಕು, ಏಕೆಂದರೆ ಯಾವ ಡಾಕ್ಟರಾದರೂ ಸರಿ.

ಹಂತ 5: ‘ಆ’ ಮುಂದೆ ‘ಎಲ್’ ಬಂದರೆ ಕೂಡಿಸಿ

ಆ ಮತ್ತು ಎಲ್ ಸೇರಿ ‘ಆಲ್’ ಆಗುತ್ತದೆ: ‘ಬೆಯೊ ಆಲ್ ನಿನ್ಯೊ’ (ಹುಡುಗನನ್ನು ನೋಡುತ್ತೇನೆ). ಲಾ, ಲೋಸ್, ಲಾಸ್ ಜೊತೆ ಕೂಡುವುದಿಲ್ಲ. ಇಷ್ಟೇ.

ಒಂದು ಪ್ಯಾರಾ ಹಿಡಿದು ಮಾಡಿ ನೋಡೋಣ

ಈ ಕನ್ನಡವನ್ನು ಸ್ಪ್ಯಾನಿಷ್‌ಗೆ ತರಬೇಕು ಅಂದುಕೊಳ್ಳಿ: ‘ಭಾನುವಾರ ಅಜ್ಜಿಯನ್ನು ನೋಡಿಕೊಂಡು ಬಂದೆ. ಅಜ್ಜಿಗೆ ಮೂವರು ಮಕ್ಕಳು, ಆದರೆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಗಿಡಗಳಿಗೆ ನೀರು ಹಾಕಿ ನಾಯಿಯನ್ನು ಹೊರಗೆ ಕರೆದುಕೊಂಡು ಹೋದೆ. ನಾವು ಒಬ್ಬ ನರ್ಸ್ ಹುಡುಕುತ್ತಿದ್ದೇವೆ. ಅಣ್ಣನಿಗೆ ಅದೇ ಬಡಾವಣೆಯ ಒಬ್ಬ ನರ್ಸ್ ಗೊತ್ತು. ನಾಳೆ ಆ ನರ್ಸಿಗೆ ಫೋನ್ ಮಾಡುತ್ತೇವೆ.’

‘ಎಲ್ ದೊಮಿಂಗೊ ಬಿಸಿತೆ ಆ ಮಿ ಅಬುವೆಲಾ.’ ಯಾರನ್ನು? ನನ್ನ ಅಜ್ಜಿಯನ್ನು. ಮುಖವಿದೆ, ‘ಆ’ ಬಂತು.

‘ಮಿ ಅಬುವೆಲಾ ತಿಯೆನೆ ತ್ರೆಸ್ ಇಹೋಸ್, ಪೆರೊ ನೊ ಅಬಿಯಾ ನಾದಿಯೆ ಮಾಸ್ ಎನ್ ಕಾಸಾ.’ ಮೂವರು ಮಕ್ಕಳು ತೆನೆರ್‌ನ ನೆಂಟಸ್ತಿಕೆಯ ಲೆಕ್ಕದಲ್ಲಿ ಬಂದರು, ‘ಆ’ ಇಲ್ಲ. ನಾದಿಯೆ ಇದ್ದರೂ ‘ಆ’ ಏಕೆ ಬರಲಿಲ್ಲ? ಅಬಿಯಾ ಎಂಬುದು ಹಂತ 1ರ ‘ಐ’ಯ ಭೂತಕಾಲ. ಅದರ ಮುಂದೆ ನಾದಿಯೆಯ ಹಠವೂ ನಡೆಯುವುದಿಲ್ಲ.

‘ರೆಗೆ ಲಾಸ್ ಪ್ಲಾಂತಾಸ್ ಇ ಸಾಕೆ ಆಲ್ ಪೆರ್ರೊ.’ ಗಿಡಗಳು ‘ಏನು’, ‘ಆ’ ಇಲ್ಲ. ಕನ್ನಡದ ‘ಗಿಡಗಳಿಗೆ’ ನೋಡಿ ‘ಆ ಲಾಸ್ ಪ್ಲಾಂತಾಸ್’ ಎಂದು ಬರೆಯಲು ಕೈ ಹೋಗುತ್ತದೆ, ತಡೆಯಿರಿ. ಸ್ಪ್ಯಾನಿಷ್‌ನಲ್ಲಿ ನೀರು ಹಾಕುವುದು ಒಂದೇ ಕ್ರಿಯಾಪದ, ಗಿಡವೇ ಅದರ ನೇರ ಕರ್ಮಪದ. ನಾಯಿ ಅಜ್ಜಿಯ ಸಾಕುನಾಯಿ, ಆದ್ದರಿಂದ ‘ಆಲ್’.

‘ಬುಸ್ಕಾಮೋಸ್ ಉನಾ ಎನ್‌ಫೆರ್ಮೆರಾ.’ ಯಾರಾದರೂ ಆದೀತು, ಜಾಗ ಖಾಲಿ ಇದೆ. ‘ಆ’ ಇಲ್ಲ.

‘ಮಿ ಎರ್ಮಾನೊ ಕೊನೊಸೆ ಆ ಉನಾ ಎನ್‌ಫೆರ್ಮೆರಾ ದೆಲ್ ಬಾರ್ರಿಯೊ.’ ಹಿಂದಿನ ವಾಕ್ಯದ್ದೇ ‘ಉನಾ ಎನ್‌ಫೆರ್ಮೆರಾ’. ಆದರೆ ಈಗ ಅಣ್ಣನ ಮನಸ್ಸಿನಲ್ಲಿ ಒಂದು ಮುಖವಿದೆ. ಕನ್ನಡದಲ್ಲಿ ‘ಗೊತ್ತು’ ಬಂದದ್ದರಿಂದ ‘ಅನ್ನು’ ಕಾಣಲಿಲ್ಲ, ಅದನ್ನು ನಂಬಿದ್ದರೆ ತಪ್ಪುತ್ತಿತ್ತು.

‘ಮಾನ್ಯಾನಾ ಬಾಮೋಸ್ ಆ ಯಾಮಾರ್ ಆ ಲಾ ಎನ್‌ಫೆರ್ಮೆರಾ.’ ಎರಡು ‘ಆ’ಗಳಿವೆ. ಮೊದಲನೆಯದು ‘ಮಾಡಲಿದ್ದೇವೆ’ ಎಂಬ ಭವಿಷ್ಯದ ಕ್ರಿಯಾರೂಪಕ್ಕೆ ಸೇರಿದ್ದು, ಮುಂದೆ ಬರುವುದು ಮನುಷ್ಯನಾಗಲಿ ಮೇಜಾಗಲಿ ಅದು ಇದ್ದೇ ಇರುತ್ತದೆ. ನಮ್ಮದು ಎರಡನೆಯದು. ಕನ್ನಡದಲ್ಲಿ ‘ನರ್ಸಿಗೆ’ ಎಂದು ಚತುರ್ಥಿ ಬಂದಿದೆ, ಸ್ಪ್ಯಾನಿಷ್‌ನಲ್ಲಿ ಯಾಮಾರ್ ನೇರ ಕರ್ಮಪದವನ್ನು ಬೇಡುತ್ತದೆ. ಮನುಷ್ಯರ ಮುಂದೆ ಎರಡಕ್ಕೂ ‘ಆ’ ಒಂದೇ ಆದ್ದರಿಂದ ಇಲ್ಲಿ ನಷ್ಟವಿಲ್ಲ. ‘ಅವಳಿಗೆ’ ಎಂದು ಸರ್ವನಾಮ ಹಾಕಲು ಹೊರಟಾಗ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಲ್ಯಾಟಿನ್ ಅಮೆರಿಕದ ಹೆಚ್ಚಿನ ಕಡೆ ‘ಲಾ ಯಾಮೊ’ (ಅವಳನ್ನು ಕರೆಯುತ್ತೇನೆ) ಎನ್ನುತ್ತಾರೆ, ‘ಲೆ ದೊಯ್ ಎಲ್ ಲಿಬ್ರೊ’ (ಅವಳಿಗೆ ಪುಸ್ತಕ ಕೊಡುತ್ತೇನೆ) ಎಂಬಲ್ಲಿ ಲೆ ಬರುತ್ತದೆ.

ಒಂದೇ ವಾಕ್ಯದಲ್ಲಿ ಇಬ್ಬರು ಮನುಷ್ಯರು ಬಂದರೆ

‘ಮನೆಯವರಿಗೆ ನನ್ನ ಹುಡುಗಿಯನ್ನು ಪರಿಚಯಿಸಿದೆ’ ಎಂಬ ವಾಕ್ಯದಲ್ಲಿ ‘ಅನ್ನು’ಗೂ ‘ಆ’, ‘ಇಗೆ’ಗೂ ‘ಆ’ ಬರಬೇಕು. ಯಾರನ್ನು ಯಾರಿಗೆ ಎಂದು ಗೊಂದಲವಾಗುತ್ತದೆಂದು ‘ಅನ್ನು’ವಿನ ‘ಆ’ವನ್ನು ಇಲ್ಲಿ ಬಿಡುವ ರೂಢಿ ಇದೆ: ‘ಪ್ರೆಸೆಂತೆ ಮಿ ನೊಬಿಯಾ ಆ ಮಿಸ್ ಪಾದ್ರೆಸ್’. ಬಿಡದೆ ಹಾಕಿದರೂ ತಪ್ಪಲ್ಲ. ಆದರೆ ಅಂಕಿತನಾಮ ಬಂದರೆ ಬಿಡುವ ಸ್ವಾತಂತ್ರ್ಯ ಹೋಗುತ್ತದೆ: ‘ಪ್ರೆಸೆಂತೆ ಆ ಆನಾ ಆ ಮಿಸ್ ಪಾದ್ರೆಸ್’.

ಕೇಳಿ ಕಲಿಯುವವರಿಗೆ

ಧಾರಾವಾಹಿ, ಹಾಡು ಕೇಳಿ ಕಲಿಯುವವರು ‘ಅವರೇ ಆ ಹಾಕುವುದಿಲ್ಲ’ ಎಂದು ಹೇಳುವುದುಂಟು. ಹಾಕುತ್ತಾರೆ, ಕೇಳಿಸುವುದಿಲ್ಲ ಅಷ್ಟೇ. ಮುಂದಿನ ಪದ ಅದೇ ಸ್ವರದಿಂದ ಶುರುವಾದರೆ ಎರಡೂ ಕರಗಿ ಒಂದಾಗುತ್ತವೆ. ‘ಬೆಯೊ ಆ ಆನಾ’ ಎಂಬುದು ಕಿವಿಗೆ ‘ಬೆಯೊ ಆನಾ’ ಎಂದೇ ಬೀಳುತ್ತದೆ. ಹಿಂದಿನ ಪದ ಆ ಸ್ವರದಲ್ಲಿ ಮುಗಿದರೂ ಹೀಗೆಯೇ: ‘ಬುಸ್ಕಾ ಆ ಮರಿಯಾ’ (ಮರಿಯಾಳನ್ನು ಹುಡುಕುತ್ತಾನೆ) ಎಂಬುದು ‘ಬುಸ್ಕಾ ಮರಿಯಾ’ ಆಗುತ್ತದೆ. ಕಿವಿಯನ್ನು ಪಳಗಿಸಲು ಈ ಎರಡೂ ಇಲ್ಲದ ವಾಕ್ಯಗಳನ್ನು ಆರಿಸಿಕೊಳ್ಳಿ. ‘ಬುಸ್ಕೊ ಆ ಪೆದ್ರೊ’ ಎಂಬಲ್ಲಿ ‘ಆ’ ನಿಚ್ಚಳವಾಗಿ ಕೇಳುತ್ತದೆ. ಉಳಿದ ಕಡೆ ಸ್ಪ್ಯಾನಿಷ್ ಸಬ್‌ಟೈಟಲ್ ಹಾಕಿಕೊಂಡು, ಬಾಯಲ್ಲಿ ಕರಗಿದ ಅಕ್ಷರವನ್ನು ಕಣ್ಣಿಂದ ಹಿಡಿಯಿರಿ.